ಕಸೂತಿಯ ಸುತ್ತ ಬಟ್ಟೆ ಸುಕ್ಕುಗಟ್ಟಿದೆಯೇ? ಫೋಟೋದಿಂದ ಕಾರಣ ಹಿಡಿದು ಸರಿಪಡಿಸುವ ಬಗೆ

ಕಸೂತಿ ಕಲಿಯುತ್ತಿರುವವರು ನನಗೆ ಕಳಿಸುವ ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದೂರನ್ನು ಹೊತ್ತು ಬರುತ್ತವೆ: "ರಿಂಗ್‌ನಲ್ಲಿ ಇದ್ದಾಗ ಚೆನ್ನಾಗಿಯೇ ಇತ್ತು, ತೆಗೆದ ಮೇಲೆ ಹೂವಿನ ಸುತ್ತ ಬಟ್ಟೆ ಮುದುಡಿಕೊಂಡಿದೆ. ಇಸ್ತ್ರಿ ಮಾಡಿದರೂ ಹೋಗುತ್ತಿಲ್ಲ." ಇಸ್ತ್ರಿಗೆ ಹೋಗದಿರುವುದಕ್ಕೆ ಕಾರಣವಿದೆ. ಮಡಿಚಿಟ್ಟ ಸೀರೆಯ ಸುಕ್ಕು ಬಟ್ಟೆಯದು ಮಾತ್ರ, ಹಾಗಾಗಿ ಶಾಖಕ್ಕೆ ಹೋಗುತ್ತದೆ. ಕಸೂತಿಯ ಸುಕ್ಕು ಬಟ್ಟೆ ಮತ್ತು ದಾರದ ನಡುವಿನ ಅಳತೆಯ ಜಗಳ. ಒಂದು ಜಾಗದಲ್ಲಿ ಬಟ್ಟೆ ಇರುವಷ್ಟು ಉದ್ದ ದಾರ ಇಲ್ಲ, ಅಥವಾ ದಾರ ಇರುವಷ್ಟು ಉದ್ದ ಬಟ್ಟೆ ಇಲ್ಲ. ಈ ಎರಡರಲ್ಲಿ ಯಾವುದು ಎಂದು ತಿಳಿಯುವವರೆಗೆ ಯಾವ ಉಪಾಯಕ್ಕೂ ಕೈ ಹಾಕಬೇಡಿ. ಎರಡರ ಪರಿಹಾರಗಳು ಒಂದಕ್ಕೊಂದು ವಿರುದ್ಧ.

ಇಲ್ಲಿ ಹೇಳುವುದೆಲ್ಲ ನೇಯ್ದ ಹತ್ತಿ ಬಟ್ಟೆಯ ಮೇಲಿನ ಕೈಕಸೂತಿಗೆ ಸಂಬಂಧಿಸಿದ್ದು: ಕೇಂಬ್ರಿಕ್, ಪಾಪ್ಲಿನ್, ಕೇಸ್‌ಮೆಂಟ್, ಬ್ಲೌಸ್ ಪೀಸಿನ ಟೂ ಬೈ ಟೂ. ಯಂತ್ರದ ಕಸೂತಿಗೂ ಟೀ ಶರ್ಟಿನಂತಹ ಹೆಣೆದ ಬಟ್ಟೆಗೂ ಲೆಕ್ಕ ಬೇರೆ.

ಬೇಕಾದ ವಸ್ತುಗಳು

ಮೊಬೈಲ್, ಒಂದು ಅಳತೆಪಟ್ಟಿ, ಮೊಂಡು ತುದಿಯ ಸೂಜಿ, ತುದಿ ಚೂಪಾದ ಸಣ್ಣ ಕತ್ತರಿ, ಚಿಮುಟ, ತುಕ್ಕು ಹಿಡಿಯದ ಗುಂಡುಸೂಜಿಗಳು, ಗುಂಡುಸೂಜಿ ಚುಚ್ಚಲು ಥರ್ಮೋಕೋಲ್ ಹಲಗೆ ಅಥವಾ ದಪ್ಪ ರಟ್ಟು, ಎರಡು ಬಿಳಿಯ ಟವೆಲ್. ಮತ್ತೆ ಹೊಲಿಯುವ ಹಂತಕ್ಕೆ ರಿಂಗ್ ಮತ್ತು ಒಂದು ಸೆಂಟಿಮೀಟರ್ ಅಗಲದ ಹತ್ತಿ ಲಾಡಿ. ರಿಂಗ್ ಎಂದರೆ ಬಟ್ಟೆಯನ್ನು ನಡುವೆ ಹಿಡಿದಿಡುವ ಎರಡು ಬಳೆಗಳ ಜೋಡಿ. ಹೊರಗಿನ ಬಳೆಗೆ ತಿರುಪು ಇರುತ್ತದೆ. ಹೂಪ್ ಎಂದರೂ ಫ್ರೇಮ್ ಎಂದರೂ ಅದೇ. ವಿನ್ಯಾಸವನ್ನು ಬಿಡಿಸಿಕೊಂಡ ಟ್ರೇಸಿಂಗ್ ಕಾಗದ ಇನ್ನೂ ಇದ್ದರೆ ಅದನ್ನೂ ಹುಡುಕಿಟ್ಟುಕೊಳ್ಳಿ, ತುಂಬ ಕೆಲಸಕ್ಕೆ ಬರುತ್ತದೆ.

ಹಂತ 1: ಸುಕ್ಕು ಕಾಣುವಂತೆ ಫೋಟೋ ತೆಗೆಯಿರಿ

ನನಗೆ ಬರುವ ಹೆಚ್ಚಿನ ಫೋಟೋಗಳಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಸುಕ್ಕು ಕಾಣುವುದಿಲ್ಲ. ನೇರವಾಗಿ ಮೇಲಿನಿಂದ ಬೀಳುವ ಬೆಳಕು ಮತ್ತು ಫ್ಲ್ಯಾಶ್ ನೆರಳನ್ನು ಅಳಿಸಿಬಿಡುತ್ತವೆ. ನಮಗೆ ಬೇಕಾದದ್ದು ಆ ನೆರಳೇ.

ಬೆಳಿಗ್ಗೆ ಅಥವಾ ಸಂಜೆ, ಒಂದೇ ಕಿಟಕಿಯಿಂದ ಬೆಳಕು ಬರುವ ಜಾಗದಲ್ಲಿ, ಕೋಣೆಯ ದೀಪ ಆರಿಸಿ, ಬಟ್ಟೆಯನ್ನು ಮೇಜಿನ ಮೇಲೆ ಸುಮ್ಮನೆ ಬಿಡಿ. ಎಳೆಯಬೇಡಿ, ಅಂಗೈಯಿಂದ ಸವರಬೇಡಿ. ಬೆಳಕು ಬಟ್ಟೆಯ ಮೇಲೆ ಒಂದು ಬದಿಯಿಂದ ಹರಿದು ಬರಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೊಬೈಲನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿದು ಒಂದು ಫೋಟೋ. ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು, ಏಕೆಂದರೆ ಬೆಳಕಿನ ದಿಕ್ಕಿಗೇ ಬಿದ್ದಿರುವ ಮಡಿಕೆ ಮೊದಲನೆಯದರಲ್ಲಿ ಅಡಗಿರುತ್ತದೆ. ಆಮೇಲೆ ಹಿಂಬದಿಯದು. ಹಿಂಬದಿಯ ಫೋಟೋ ಕಳಿಸಲು ಹಲವರಿಗೆ ಸಂಕೋಚ, ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೊಲಿಗೆ ಇನ್ನೂ ಮುಗಿದಿಲ್ಲವಾದರೆ ರಿಂಗ್‌ನಲ್ಲಿ ಇರುವಾಗಲೇ ಒಂದು ಫೋಟೋ ತೆಗೆದಿಡಿ. ರಿಂಗ್‌ನೊಳಗೇ ಸುಕ್ಕು ಕಂಡರೆ ಬಟ್ಟೆ ಸಡಿಲವಾಗಿತ್ತು ಎಂದು ಅಲ್ಲಿಗೇ ತಿಳಿಯುತ್ತದೆ.

ಹಂತ 2: ಮಡಿಕೆಗಳ ದಿಕ್ಕು ಓದಿ

ಈಗ ಫೋಟೋ ದೊಡ್ಡದು ಮಾಡಿ, ಹೊಲಿಗೆಯನ್ನು ಬಿಟ್ಟು ನೆರಳಿನ ಗೆರೆಗಳನ್ನಷ್ಟೇ ನೋಡಿ. ಅವು ಎಲ್ಲಿ ಹುಟ್ಟುತ್ತವೆ, ಯಾವ ಕಡೆಗೆ ಓಡುತ್ತವೆ?

ಬಳ್ಳಿ ಅಥವಾ ಕಾಂಡದಂತಹ ಗೆರೆಯ ಹೊಲಿಗೆಗೆ ಅಡ್ಡಲಾಗಿ ಚಿಕ್ಕ ಚಿಕ್ಕ ಮಡಿಕೆಗಳು ಏಣಿಯ ಮೆಟ್ಟಿಲಿನಂತೆ ಬಿದ್ದಿದ್ದರೆ, ಆ ಗೆರೆಯ ದಾರ ಬಟ್ಟೆಗಿಂತ ಗಿಡ್ಡವಾಗಿದೆ. ಲಂಗದ ಸೊಂಟಕ್ಕೆ ನೆರಿಗೆ ಹಿಡಿಯುವಾಗ ದಾರ ಎಳೆದರೆ ಆಗುವುದೇ ಇಲ್ಲಿಯೂ ಆಗಿದೆ.

ಎಲೆ, ಮೊಗ್ಗು, ಮಾವಿನಕಾಯಿಯಂತಹ ತುಂಬಿದ ಆಕಾರದ ಎರಡು ತುದಿಗಳಿಂದ ಮಡಿಕೆಗಳು ಸೂರ್ಯನ ಕಿರಣಗಳಂತೆ ಹೊರಟಿದ್ದರೆ, ಆಕಾರದ ಅಗಲ ಕುಗ್ಗಿದೆ. ಅಡ್ಡಲಾಗಿ ಹಾಕಿದ ಉದ್ದ ಹೊಲಿಗೆಗಳು ಎರಡು ಅಂಚುಗಳನ್ನು ಒಳಕ್ಕೆ ಸೆಳೆದಿವೆ, ಆಕಾರದ ಹೊರಗಿನ ಬಟ್ಟೆ ಮಾತ್ರ ಮೊದಲಿನ ಅಗಲದಲ್ಲೇ ಉಳಿದಿದೆ. ಆ ಹೆಚ್ಚಿನ ಬಟ್ಟೆಗೆ ಹೋಗಲು ಬೇರೆ ಜಾಗವಿಲ್ಲ, ತುದಿಯಲ್ಲಿ ಮಡಿಕೆಯಾಗುತ್ತದೆ.

ಎರಡು ಬಿಡಿ ಹೂಗಳ ನಡುವೆ, ಹೊಲಿಗೆಯೇ ಇಲ್ಲದ ಜಾಗದಲ್ಲಿ ಬಟ್ಟೆ ಕುಗ್ಗಿದ್ದರೆ ಹಿಂಬದಿಯ ಫೋಟೋಗೆ ಹೋಗಿ. ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಕತ್ತರಿಸದೆ ದಾಟಿರುತ್ತೀರಿ, ಅದು ಬಿಲ್ಲಿನ ಹೆದೆಯಂತೆ ಬಿಗಿದಿರುತ್ತದೆ.

ಇವು ಮೂರೂ "ದಾರ ಕಡಿಮೆ" ಎಂಬ ಗುಂಪು. ನಾಲ್ಕನೆಯದು ಇದಕ್ಕೆ ವಿರುದ್ಧ. ಕಸೂತಿಯ ಭಾಗವೇ ಹಪ್ಪಳದಂತೆ ಉಬ್ಬಿ ನಿಂತಿದೆ, ಸುತ್ತಲಿನ ಬಟ್ಟೆ ಬಿಗಿಯಾಗಿದೆ. ಹಾಗಿದ್ದರೆ ಹೊಲಿಯುವಾಗ ಬಟ್ಟೆಯನ್ನು ಮಿತಿ ಮೀರಿ ಎಳೆದಿದ್ದಿರಿ ಮತ್ತು ಬಿಟ್ಟ ಮೇಲೆ ಅದು ತನ್ನ ಅಳತೆಗೆ ಮರಳಿದೆ, ಅಥವಾ ತೊಳೆಯದ ಹೊಸ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗಿದೆ. ಎರಡರಲ್ಲೂ ಹೊಲಿಗೆ ತನ್ನ ಹಳೆಯ ಉದ್ದದಲ್ಲೇ ಉಳಿದು ಬಟ್ಟೆಗೆ ಹೆಚ್ಚಾಗಿದೆ. ಇದು "ದಾರ ಹೆಚ್ಚು" ಎಂಬ ಗುಂಪು.

ಹಂತ 3: ಫೋಟೋ ಹೇಳಿದ್ದನ್ನು ಸೂಜಿಯಿಂದ ಪರೀಕ್ಷಿಸಿ

ಫೋಟೋ ಆಕಾರ ತೋರಿಸುತ್ತದೆ, ಬಿಗಿತ ತೋರಿಸುವುದಿಲ್ಲ. ಮೊಂಡು ಸೂಜಿಯ ತುದಿಯನ್ನು ಒಂದು ಹೊಲಿಗೆಯ ಕೆಳಗೆ ತೂರಿಸಿ ನಿಧಾನವಾಗಿ ಮೇಲೆತ್ತಿ. ಸೂಜಿ ಒಳಗೆ ಹೋಗಲೇ ಒಪ್ಪದಿದ್ದರೆ, ಅಥವಾ ಎತ್ತಿದಾಗ ಬಟ್ಟೆಯೂ ಜೊತೆಗೇ ಎದ್ದು ಬಂದರೆ, ದಾರ ಬಿಗಿ. ಹೊಲಿಗೆ ಸುಲಭವಾಗಿ ಕಮಾನಿನಂತೆ ಎದ್ದರೆ ದಾರ ಸಡಿಲ. ಸುಕ್ಕು ಇರುವ ಕಡೆ ಐದಾರು ಜಾಗದಲ್ಲಿ ಹೀಗೆ ನೋಡಿ. ಒಂದೇ ಮಾದರಿಯಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಸಿಗುವುದು ಅಪರೂಪವಲ್ಲ.

ಟ್ರೇಸಿಂಗ್ ಕಾಗದ ಇದ್ದರೆ ಅದನ್ನು ಹೊಲಿದ ಆಕಾರದ ಮೇಲಿಟ್ಟು ಹೋಲಿಸಿ. ಇದು ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಕಾಗದದ ಮೇಲೆ ಒಂಬತ್ತು ಸೆಂಟಿಮೀಟರ್ ಇದ್ದ ಕಾಂಡ ಬಟ್ಟೆಯ ಮೇಲೆ ಎಂಟೂವರೆ ಆಗಿದ್ದರೆ ಅರ್ಧ ಸೆಂಟಿಮೀಟರ್ ಬಟ್ಟೆ ಮಡಿಕೆಗಳಲ್ಲಿ ಅಡಗಿದೆ ಎಂದರ್ಥ. ಅಷ್ಟನ್ನು ಇಸ್ತ್ರಿ ಬಿಡಿಸಲಾರದು.

ಎಚ್ಚರಿಕೆ: ಈ ಪರೀಕ್ಷೆಗೆ ಮೊದಲು ಇಸ್ತ್ರಿ ಮಾಡಬೇಡಿ. ಶಾಖ ಮಡಿಕೆಯನ್ನು ಚಪ್ಪಟೆ ಮಾಡಿ ಅದೇ ಜಾಗದಲ್ಲಿ ಗೆರೆಯಾಗಿ ಕೂರಿಸುತ್ತದೆ. ನೀರಿನಲ್ಲಿ ಹೋಗುವ ನೀಲಿ ಪೆನ್ನಿನಿಂದ ವಿನ್ಯಾಸ ಬರೆದಿದ್ದರಂತೂ, ತಣ್ಣೀರಿನಲ್ಲಿ ಬಣ್ಣ ಪೂರ್ತಿ ಹೋಗುವ ಮೊದಲೇ ಇಸ್ತ್ರಿ ತಾಗಿದರೆ ಆ ಕಲೆ ಬಟ್ಟೆಯಲ್ಲೇ ನಿಂತುಬಿಡಬಹುದು.

ಹಂತ 4: ಹಿಂಬದಿಯ ದಾಟುದಾರಗಳನ್ನು ಮೊದಲು ಬಿಡಿಸಿ

ಹಿಂಬದಿಯಲ್ಲಿ ಒಂದು ಬೆರಳಿನ ಅಗಲಕ್ಕಿಂತ ಉದ್ದವಾಗಿ ದಾಟಿರುವ ಪ್ರತಿ ದಾರವನ್ನು ಗುರುತಿಸಿ. ಅದರ ನಡುವೆ ಕತ್ತರಿಸಿ. ಬಿಗಿಯಾಗಿದ್ದರೆ ಕತ್ತರಿಸಿದ ಕೂಡಲೇ ತುದಿಗಳು ದೂರ ಸರಿಯುತ್ತವೆ, ಎದುರು ಬದಿಯ ಬಟ್ಟೆ ಕಣ್ಣೆದುರೇ ಹರಡಿಕೊಳ್ಳುತ್ತದೆ. ತುದಿಗಳನ್ನು ಹಾಗೇ ಬಿಡಬೇಡಿ. ಪ್ರತಿಯೊಂದನ್ನೂ ಸೂಜಿಗೆ ಪೋಣಿಸಿ ಪಕ್ಕದ ಹೊಲಿಗೆಗಳ ಹಿಂಬದಿಯಲ್ಲಿ ನಾಲ್ಕೈದು ಬಾರಿ ಹಾಯಿಸಿ ಭದ್ರ ಮಾಡಿ. ತುದಿ ಸೂಜಿಗೆ ಪೋಣಿಸಲಾರದಷ್ಟು ಗಿಡ್ಡವಾದರೆ, ಖಾಲಿ ಸೂಜಿಯನ್ನು ಮೊದಲು ಹೊಲಿಗೆಗಳ ಕೆಳಗೆ ಅರ್ಧ ತೂರಿಸಿಟ್ಟು, ಆಮೇಲೆ ಅದರ ಕಣ್ಣಿಗೆ ದಾರ ಹಾಕಿ ಎಳೆಯಿರಿ.

ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಹಾಗಾಗಿಯೇ ಇದನ್ನು ನೀರಿಗೂ ಬಿಚ್ಚುವುದಕ್ಕೂ ಮೊದಲು ಇಟ್ಟಿದ್ದೇನೆ.

ಹಂತ 5: ನೆನೆಸಿ, ಚುಚ್ಚಿ, ಒಣಗಿಸಿ

ಮೊದಲು ಬಣ್ಣದ ಪರೀಕ್ಷೆ. ಬಿಳಿಯ ಬಟ್ಟೆಯ ತುಂಡನ್ನು ಒದ್ದೆ ಮಾಡಿ ದಾರದ ಮೇಲೆ, ಅದರಲ್ಲೂ ಕೆಂಪು, ಕಡುನೀಲಿ, ಕಪ್ಪು ದಾರಗಳ ಮೇಲೆ, ಐದು ನಿಮಿಷ ಒತ್ತಿಡಿ. ಬಣ್ಣ ಹತ್ತಿದರೆ ನೆನೆಸಬೇಡಿ. ಜರಿ, ಚಮಕಿ, ರೇಷ್ಮೆ ಇದ್ದರೂ ನೆನೆಸಬೇಡಿ.

ಬಣ್ಣ ಗಟ್ಟಿಯಿದ್ದರೆ ತಣ್ಣೀರಿನಲ್ಲಿ ಹತ್ತು ನಿಮಿಷ ಬಿಡಿ. ಹಿಂಡದೆ ಎತ್ತಿ, ಟವೆಲ್‌ನಲ್ಲಿ ಚಾಪೆಯಂತೆ ಸುತ್ತಿ ಒತ್ತಿ ನೀರು ತೆಗೆಯಿರಿ. ಹಲಗೆಯ ಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಬಟ್ಟೆಯನ್ನು ಕಸೂತಿ ಮೇಲಾಗಿ ಹರಡಿ. ಈಗ ಬಟ್ಟೆಯ ನೂಲುಗಳನ್ನು ನೋಡಿ. ಸೀರೆಯ ಉದ್ದಕ್ಕೆ ಓಡುವ ನೂಲಿನಂತೆ, ಅಂಚಿಗೆ ಸಮಾನಾಂತರವಾಗಿ ಓಡುವುದು ಹಾಸು. ಅದಕ್ಕೆ ಅಡ್ಡಲಾಗಿರುವುದು ಹೊಕ್ಕು. ಇವೆರಡರ ನಡುವೆ ಕರ್ಣದಂತೆ ಹೋಗುವುದು ಓರೆ, ಟೈಲರ್‌ಗಳು ಕ್ರಾಸ್ ಎನ್ನುವ ದಿಕ್ಕು. ಎಳೆಯುವುದಿದ್ದರೆ ಹಾಸಿನ ದಿಕ್ಕಿಗೆ ಅಥವಾ ಹೊಕ್ಕಿನ ದಿಕ್ಕಿಗೆ ಮಾತ್ರ. ಓರೆಗೆ ಎಳೆದರೆ ಬಟ್ಟೆ ಸಲೀಸಾಗಿ ಬರುತ್ತದೆ, ಸರಿಯಾಗುತ್ತಿದೆ ಎನಿಸುತ್ತದೆ, ಆದರೆ ಚೌಕದ ತುಂಡು ವಜ್ರದ ಆಕಾರವಾಗಿ ಕೂರುತ್ತದೆ.

ಮೇಲಿನ ಅಂಚಿನ ನಡುವೆ ಒಂದು ಗುಂಡುಸೂಜಿ, ಅದಕ್ಕೆ ಎದುರಾಗಿ ಕೆಳಗೆ ಒಂದು. ಎಡಕ್ಕೆ ಒಂದು, ಬಲಕ್ಕೆ ಒಂದು. ಹೀಗೇ ಎದುರುಬದುರಾಗಿ ನಡುವಿನಿಂದ ಮೂಲೆಗಳ ಕಡೆಗೆ ಎರಡು ಸೆಂಟಿಮೀಟರಿಗೊಂದರಂತೆ ಚುಚ್ಚುತ್ತಾ ಹೋಗಿ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೂಲುಗಳು ವಾಲುತ್ತವೆ. ನೆರಳಿನಲ್ಲಿ ಪೂರ್ತಿ ಒಣಗಲಿ, ಒಂದು ರಾತ್ರಿ ಬಿಡುವುದು ಒಳ್ಳೆಯದು.

ಸೂಜಿಗಳನ್ನು ತೆಗೆದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಒಂದು ಗಂಟೆ ಮೇಜಿನ ಮೇಲೆ ಬಿಟ್ಟು, ಹಂತ ಒಂದರಲ್ಲಿ ಹೇಳಿದ ಅದೇ ಬೆಳಕಿನಲ್ಲಿ ಮತ್ತೆ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಹೊಲಿಯುವಾಗ ಸ್ವಲ್ಪ ಜಗ್ಗಿದ್ದರಿಂದ ಆದ ಸಣ್ಣ ಅಲೆಗಳು ಹೋಗಿರುತ್ತವೆ. ದಾರ ನಿಜವಾಗಿ ಗಿಡ್ಡವಿರುವ ಕಡೆ ಮಡಿಕೆ ಮರಳಿ ಬಂದಿರುತ್ತದೆ. ಹಾಗೆ ಬಂದರೆ ಇನ್ನೊಮ್ಮೆ ನೆನೆಸಿ ಇನ್ನೂ ಜೋರಾಗಿ ಎಳೆಯುವುದು ವ್ಯರ್ಥ. ಅಲ್ಲಿ ಬಿಚ್ಚಲೇಬೇಕು.

"ದಾರ ಹೆಚ್ಚು" ಗುಂಪಿನವರಿಗೆ ಒಂದು ಮಾತು. ಮಿತಿ ಮೀರಿ ಎಳೆದ ಬಟ್ಟೆ ಮರಳಿದ್ದರಿಂದ ಆದ ಉಬ್ಬು ಹೀಗೆ ಚುಚ್ಚಿ ಒಣಗಿಸಿದಾಗ ಬಹುಮಟ್ಟಿಗೆ ಇಳಿಯುತ್ತದೆ, ಆದರೆ ಮುಂದಿನ ಒಗೆತಕ್ಕೆ ಮತ್ತೆ ಏಳಬಹುದು. ಗಾಜು ಹಾಕಿ ಗೋಡೆಗೆ ತೂಗುವ ಅಥವಾ ಫೈಲಿಗೆ ಅಂಟಿಸುವ ಮಾದರಿಗೆ ಅಷ್ಟು ಸಾಕು, ಕುಪ್ಪಸಕ್ಕೆ ಸಾಲದು. ಒಗೆತದಲ್ಲಿ ಕುಗ್ಗಿದ ಬಟ್ಟೆಯನ್ನು ಹಳೆಯ ಅಳತೆಗೆ ಶಾಶ್ವತವಾಗಿ ತರಲು ಆಗುವುದಿಲ್ಲ.

ಹಂತ 6: ಬಿಚ್ಚಬೇಕಾದಷ್ಟನ್ನೇ ಬಿಚ್ಚಿ

ರನ್ನಿಂಗ್ ಹೊಲಿಗೆ, ಅಂದರೆ ಮೇಲೊಂದು ಕೆಳಗೊಂದು ಸೂಜಿ ಹಾಯುತ್ತಾ ನೇರ ಹೋಗುವ ಹೊಲಿಗೆಯಾದರೆ, ಬಿಚ್ಚದೆಯೂ ಉಳಿಸಬಹುದು. ಕೊನೆಯ ಗಂಟನ್ನು ಮಾತ್ರ ಬಿಡಿಸಿ, ಹೆಬ್ಬೆರಳಿನ ಉಗುರಿನಿಂದ ನಡುವಿನಿಂದ ಆ ತುದಿಯ ಕಡೆಗೆ ಬಟ್ಟೆಯನ್ನು ಸವರಿದರೆ ಮಡಿಕೆಗಳು ದಾರದ ಮೇಲೆ ಜಾರಿ ಹರಡುತ್ತವೆ. ಆಗ ಬಾಲದ ದಾರ ಒಳಗೆ ಸೇರಿ ಗಿಡ್ಡವಾಗುತ್ತದೆ, ಸಾಲದೆ ಹೋದರೆ ಹೊಸ ದಾರ ಜೋಡಿಸಿ ಮುಗಿಸಿ. ಬ್ಯಾಕ್ ಸ್ಟಿಚ್ ಹೀಗೆ ಜಾರುವುದಿಲ್ಲ. ಅದರಲ್ಲಿ ಪ್ರತಿ ಹೊಲಿಗೆಯೂ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವುದರಿಂದ ದಾರ ತನ್ನನ್ನು ತಾನೇ ಬೀಗ ಹಾಕಿಕೊಂಡಿರುತ್ತದೆ.

ತುಂಬಿದ ಆಕಾರವನ್ನು ಬಿಚ್ಚುವಾಗ ಹಿಂಬದಿಯಿಂದ ಕತ್ತರಿಸಿ. ಒಮ್ಮೆಗೆ ಎರಡು ಮೂರು ಎಳೆಗಳನ್ನು ಮಾತ್ರ ಕತ್ತರಿಯ ತುದಿಗೆ ತೆಗೆದುಕೊಳ್ಳಿ, ತುದಿ ಬಟ್ಟೆಯಿಂದ ಮೇಲಕ್ಕೆ ನೋಡುತ್ತಿರಲಿ. ಆಮೇಲೆ ಮುಂಬದಿಗೆ ತಿರುಗಿಸಿ ಚಿಮುಟದಿಂದ ತುಂಡುಗಳನ್ನು ಎತ್ತಿ. ಉದ್ದ ದಾರವನ್ನು ಒಂದೇ ಬಾರಿ ಎಳೆದು ತೆಗೆಯಲು ಹೋದವರು ಬಟ್ಟೆಯ ನೂಲನ್ನೇ ಎಳೆದುಕೊಂಡ ಫೋಟೋಗಳನ್ನೂ ನಾನು ನೋಡಿದ್ದೇನೆ. ಉಳಿದ ರಂಧ್ರಗಳಿಗೆ ನೀರು ಚಿಮುಕಿಸಿ, ಸೂಜಿಯ ಬದಿಯಿಂದ ಹಾಸಿಗೊಮ್ಮೆ ಹೊಕ್ಕಿಗೊಮ್ಮೆ ಮೃದುವಾಗಿ ಸವರಿದರೆ ನೂಲುಗಳು ತಮ್ಮ ಜಾಗಕ್ಕೆ ಬರುತ್ತವೆ.

ಹಂತ 7: ರಿಂಗ್ ಸರಿಯಾಗಿ ಕಟ್ಟಿ

ಮತ್ತೆ ಹೊಲಿಯುವ ಮೊದಲು ಇದಕ್ಕೆ ಅರ್ಧ ಗಂಟೆ ಕೊಡಿ. ಸುಕ್ಕಿನ ಬೇರು ಹೆಚ್ಚಾಗಿ ಇಲ್ಲಿರುತ್ತದೆ.

ಒಳಗಿನ ಬಳೆಗೆ ಹತ್ತಿ ಲಾಡಿಯನ್ನು ಓರೆಯಾಗಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ಕೊನೆಯನ್ನು ಒಳಬದಿಯಲ್ಲಿ ಎರಡು ಹೊಲಿಗೆ ಹಾಕಿ ನಿಲ್ಲಿಸಿ. ಬರಿಯ ಮರದ ಮೇಲೆ, ಅದಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಬಳೆಯ ಮೇಲೆ, ಬಟ್ಟೆ ಹೊಲಿಗೆ ಹೊಲಿಗೆಗೂ ಚೂರು ಚೂರು ಜಾರುತ್ತದೆ. ಲಾಡಿ ಅದನ್ನು ಹಿಡಿಯುತ್ತದೆ, ಬಳೆಯ ಗುರುತೂ ಕಡಿಮೆ ಬೀಳುತ್ತದೆ. ರಿಂಗ್‌ನ ಅಳತೆ ಆಕಾರದ ಸುತ್ತ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕೂರುವಷ್ಟಿದ್ದರೆ ಸಾಕು. ದೊಡ್ಡ ರಿಂಗ್ ಹಾಕಿದಷ್ಟೂ ನಡುಭಾಗ ಬೇಗ ಸಡಿಲವಾಗುತ್ತದೆ.

ಬಟ್ಟೆಯನ್ನು ಹಾಕುವ ಮೊದಲು, ವಿನ್ಯಾಸದ ಪಕ್ಕದಲ್ಲಿ ನೂಲಿನ ದಿಕ್ಕಿಗೇ ಐದು ಸೆಂಟಿಮೀಟರಿನ ಒಂದು ಚೌಕವನ್ನು ಟೈಲರ್ ಚಾಕಿನಿಂದ ತೆಳುವಾಗಿ ಬರೆಯಿರಿ. ತಿರುಪನ್ನು ಮುಕ್ಕಾಲು ಭಾಗ ಮೊದಲೇ ಬಿಗಿಮಾಡಿ, ಹೊರ ಬಳೆಯನ್ನು ಒತ್ತಿ ಕೂರಿಸಿ. ಈಗ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ನಾಲ್ಕು ಕಡೆ ಎಳೆಯಿರಿ, ಮೂಲೆಗಳಿಂದ ಎಳೆಯಬೇಡಿ. ತಿರುಪನ್ನು ಪೂರ್ತಿ ಬಿಗಿಮಾಡಿ ಬೆರಳಿನಿಂದ ತಟ್ಟಿ. ಸಣ್ಣ ತಮಟೆಯಂತೆ ಟಪ್ ಎನ್ನಬೇಕು.

ಈಗ ಚೌಕ ನೋಡಿ. ಇನ್ನೂ ಚೌಕವಾಗಿದ್ದು, ಅಳತೆ ಒಂದು ಮಿಲಿಮೀಟರ್‌ವರೆಗೆ ಬೆಳೆದಿದ್ದರೆ ಬಿಗಿತ ಸರಿಯಾಗಿದೆ. ಎರಡು ಮೂರು ಮಿಲಿಮೀಟರ್ ಬೆಳೆದಿದ್ದರೆ ಮಿತಿ ಮೀರಿದೆ, ತೆಗೆದು ಮತ್ತೆ ಹಾಕಿ. ಚೌಕ ವಾಲಿದ್ದರೆ ಓರೆಗೆ ಎಳೆದಿದ್ದೀರಿ, ಎಷ್ಟೇ ಚೆನ್ನಾಗಿ ಹೊಲಿದರೂ ರಿಂಗ್ ತೆಗೆದ ಮೇಲೆ ತಿರುಚಿಕೊಳ್ಳುತ್ತದೆ. "ಎಷ್ಟು ಬಿಗಿ ಇರಬೇಕು" ಎಂಬ ಪ್ರಶ್ನೆಗೆ ಮಾತಿನಲ್ಲಿ ಹೇಳುವ ಯಾವ ಉತ್ತರಕ್ಕಿಂತಲೂ ಈ ಚೌಕ ಚೆನ್ನಾಗಿ ಹೇಳುತ್ತದೆ.

ಬಿಗಿತಕ್ಕೂ ಹೊಲಿಯುವ ರೀತಿಗೂ ನಂಟಿದೆ, ಇದನ್ನು ಯಾರೂ ಮೊದಲಿಗೆ ಹೇಳಿಕೊಡುವುದಿಲ್ಲ. ತಮಟೆಯಂತೆ ಬಿಗಿದ ಬಟ್ಟೆಯಲ್ಲಿ ಸೂಜಿಯನ್ನು ನೇರ ಕೆಳಗೆ ಚುಚ್ಚಿ ಪೂರ್ತಿ ಎಳೆದು, ಮತ್ತೆ ಕೆಳಗಿನಿಂದ ನೇರ ಮೇಲೆ ತರಬೇಕು. ಎರಡು ಚಲನೆ. ಬಟ್ಟೆ ಹೊಲಿಯುವ ಅಭ್ಯಾಸದಲ್ಲಿ ಒಂದೇ ಚಲನೆಯಲ್ಲಿ ಸೂಜಿಯನ್ನು ತೂರಿಸಿ ಹೊರತೆಗೆದರೆ, ಪ್ರತಿ ಹೊಲಿಗೆಯೂ ಬಿಗಿದ ಬಟ್ಟೆಯನ್ನು ಬಗ್ಗಿಸಿ ರಿಂಗ್‌ನಿಂದ ಜಗ್ಗುತ್ತದೆ. ಹತ್ತು ನಿಮಿಷದಲ್ಲಿ ರಿಂಗ್ ಸಡಿಲ, ಆಮೇಲಿನ ಹೊಲಿಗೆಗಳೆಲ್ಲ ಗಿಡ್ಡ. ಸೂಜಿಗೆ ಹೊಸ ದಾರ ಪೋಣಿಸುವಾಗಲೆಲ್ಲ ಒಮ್ಮೆ ತಟ್ಟಿ ನೋಡಿ, ಸದ್ದು ಮಂಕಾಗಿದ್ದರೆ ಮತ್ತೆ ಎಳೆದು ಬಿಗಿಮಾಡಿ. ದಿನದ ಕೆಲಸ ಮುಗಿದ ಮೇಲೆ ರಿಂಗ್ ಬಿಚ್ಚಿಡಿ.

ದಾರ ಎಳೆಯುವ ಕೈಗೂ ಒಂದು ನಿಲ್ದಾಣ ಬೇಕು. ದಾರ ಬಟ್ಟೆಯ ಮೇಲೆ ಮಲಗಿದ ಕ್ಷಣ ನಿಲ್ಲಿಸಿ. ಅದಾದ ಮೇಲೂ "ಭದ್ರವಾಗಲಿ" ಎಂದು ಕೊಡುವ ಒಂದು ಸಣ್ಣ ಜಗ್ಗು ಇದೆಯಲ್ಲ, ಸುಕ್ಕು ಹುಟ್ಟುವುದು ಅದರಿಂದಲೇ.

ಹಂತ 8: ಆಕಾರಕ್ಕೆ ತಕ್ಕ ಹೊಲಿಗೆ ಆರಿಸಿ

ಇಲ್ಲಿ ಒಂದು ನಿಜವಾದ ಮಾದರಿಯನ್ನೇ ಹಿಡಿದು ಹೇಳುತ್ತೇನೆ. ಹೊಲಿಗೆ ತರಗತಿಯ ಫೈಲಿಗಾಗಿ ಒಬ್ಬ ಓದುಗರು ಮಾಡಿದ್ದು: ಕೆನೆಬಣ್ಣದ ಕೇಂಬ್ರಿಕ್ ಮೇಲೆ ಏಳು ಸೆಂಟಿಮೀಟರ್ ಎತ್ತರ, ಮೂರು ಸೆಂಟಿಮೀಟರ್ ಅಗಲದ ಒಂದು ಮಾವಿನಕಾಯಿ, ಕೆಳಗೆ ಒಂಬತ್ತು ಸೆಂಟಿಮೀಟರಿನ ಬಾಗಿದ ಕಾಂಡ, ಸುತ್ತ ಐದು ಬಿಡಿ ಗಂಟುಗಳು. ಮಾವಿನಕಾಯಿಗೆ ಆರೂ ಎಳೆ ದಾರದಲ್ಲಿ ಅಡ್ಡಲಾಗಿ ಸ್ಯಾಟಿನ್ ಹೊಲಿಗೆ, ಕಾಂಡಕ್ಕೆ ಬ್ಯಾಕ್ ಸ್ಟಿಚ್. ಫೋಟೋದಲ್ಲಿ ಮೂರು ದೋಷಗಳೂ ಇದ್ದವು. ಮಾವಿನಕಾಯಿಯ ತುದಿಯಲ್ಲಿ ಕಿರಣದ ಮಡಿಕೆ, ಕಾಂಡಕ್ಕೆ ಅಡ್ಡ ಮಡಿಕೆ, ಗಂಟುಗಳ ನಡುವೆ ಕುಗ್ಗು. ದಾಟುದಾರ ಕತ್ತರಿಸಿದಾಗ ಗಂಟುಗಳ ನಡುವಿನದು ಹೋಯಿತು. ನೆನೆಸಿ ಒಣಗಿಸಿದಾಗ ಕಾಂಡದ್ದು ಅರ್ಧ ಇಳಿಯಿತು. ಮಾವಿನಕಾಯಿಯದು ಹಾಗೇ ಮರಳಿತು. ಹಾಗಾಗಿ ಕಾಂಡ ಮತ್ತು ಮಾವಿನಕಾಯಿಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮಾವಿನಕಾಯಿಯ ತಪ್ಪು ಕೈಬಿಗಿಯದ್ದು ಮಾತ್ರ ಅಲ್ಲ, ಹೊಲಿಗೆಯ ಆಯ್ಕೆಯದ್ದು. ಸ್ಯಾಟಿನ್ ಹೊಲಿಗೆ ಎಂದರೆ ಆಕಾರದ ಒಂದು ಅಂಚಿನಿಂದ ಇನ್ನೊಂದಕ್ಕೆ ಪಕ್ಕಪಕ್ಕದಲ್ಲಿ ದಾರ ಹಾಸುವುದು. ಅದು ಒಂದು ಸೆಂಟಿಮೀಟರಿಗಿಂತ ಉದ್ದವಾದರೆ ಸಡಿಲ ಬಿಟ್ಟಾಗ ದಾರ ಜೋತುಬೀಳುತ್ತದೆ. ಜೋತುಬೀಳದಿರಲಿ ಎಂದು ಎಳೆದರೆ ಅಂಚು ಸೆಳೆಯುತ್ತದೆ. ಮೂರು ಸೆಂಟಿಮೀಟರಿನ ಹೊಲಿಗೆಗೆ ಇವೆರಡರ ನಡುವೆ ಸರಿಯಾದ ಬಿಗಿತ ಎನ್ನುವುದೇ ಇಲ್ಲ. ಜೊತೆಗೆ ಸಾಮಾನ್ಯವಾಗಿ ಸ್ಯಾಟಿನ್ ಹಾಕುವಾಗ ದಾರ ಮುಂಬದಿಯಲ್ಲಿ ಎಷ್ಟು ಹಾಯುತ್ತದೋ ಹಿಂಬದಿಯಲ್ಲೂ ಅಷ್ಟೇ ಹಾಯ್ದು ಮೊದಲ ಅಂಚಿಗೆ ಮರಳುತ್ತದೆ. ಬಟ್ಟೆಗೆ ಬಳೆ ತೊಡಿಸಿದಂತೆ ಸುತ್ತಲೂ ಹಿಡಿತ, ಎಳೆತ ಇಮ್ಮಡಿ. ಇನ್ನೊಂದು ದಾರಿಯಿದೆ: ಸೂಜಿ ಒಂದು ಅಂಚಿನಲ್ಲಿ ಕೆಳಗಿಳಿದ ಮೇಲೆ ಅದೇ ಅಂಚಿನಲ್ಲಿ, ಒಂದು ನೂಲಿನಷ್ಟು ಪಕ್ಕದಲ್ಲಿ ಮೇಲೆ ಬರುವುದು. ಹಿಂಬದಿಯಲ್ಲಿ ಚುಕ್ಕಿಗಳಷ್ಟೇ ಉಳಿಯುತ್ತವೆ, ಎಳೆತ ಅರ್ಧಕ್ಕೆ ಇಳಿಯುತ್ತದೆ, ದಾರವೂ ಉಳಿಯುತ್ತದೆ. ಮೇಲ್ಮೈಯ ಮೆರುಗು ಮಾತ್ರ ಸ್ವಲ್ಪ ಕಡಿಮೆ.

ಆ ಮಾವಿನಕಾಯಿಯನ್ನು ನಾವು ಹೀಗೆ ಬದಲಿಸಿದೆವು. ಆರು ಎಳೆಯ ಬದಲು ಎರಡು ಎಳೆ. ಕೇಂಬ್ರಿಕ್‌ನಂತಹ ಒತ್ತು ನೇಯ್ಗೆಯಲ್ಲಿ ಆರು ಎಳೆ ನುಗ್ಗಿದರೆ ಬಟ್ಟೆಯ ನೂಲುಗಳು ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಅಂಚೆಲ್ಲ ಅಲೆಯಾಗುತ್ತದೆ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿದೆವು, ಜೊತೆಯಾಗಿಯೇ ಬಿಡಿಸಿದರೆ ಒಂದು ಎಳೆ ಇನ್ನೊಂದಕ್ಕಿಂತ ಗಿಡ್ಡವಿದ್ದು ಅದೊಂದೇ ಎಳೆಯುತ್ತದೆ. ದಾರದ ಉದ್ದ ಬೆರಳ ತುದಿಯಿಂದ ಮೊಣಕೈವರೆಗೆ. ಆಕಾರದ ಗೆರೆಯ ಮೇಲೆ ಮೊದಲು ಚಿಕ್ಕ ಬ್ಯಾಕ್ ಸ್ಟಿಚ್‌ನ ಒಂದು ಬೇಲಿ, ಮುಂದಿನ ಹೊಲಿಗೆಗಳು ಅದನ್ನು ಮುಚ್ಚಿಕೊಂಡು ಹೊರಬದಿಯಲ್ಲಿ ಇಳಿಯುತ್ತವೆ. ಎಳೆತವನ್ನು ಒಂಟಿ ನೂಲಿನ ಬದಲು ಆ ಬೇಲಿ ತಡೆಯುತ್ತದೆ. ಒಳಗೆ ಸ್ಯಾಟಿನ್ ಬದಲು ಉದ್ದ-ಗಿಡ್ಡ ಹೊಲಿಗೆ: ಮೊದಲ ಸಾಲಿನಲ್ಲಿ ಒಂದು ಎಂಟು ಮಿಲಿಮೀಟರ್, ಪಕ್ಕದ್ದು ಐದು ಮಿಲಿಮೀಟರ್, ಹೀಗೆ ಬದಲಿಸುತ್ತಾ ಹೋಗಿ, ಮುಂದಿನ ಸಾಲಿನವು ಆ ಏರಿಳಿತದ ನಡುವೆ ನುಗ್ಗಿ ಕೂರುವಂತೆ. ಯಾವ ಹೊಲಿಗೆಯೂ ಅಂಚಿನಿಂದ ಅಂಚಿಗೆ ಹೋಗುವುದಿಲ್ಲ, ಹಾಗಾಗಿ ಎರಡು ಅಂಚುಗಳನ್ನು ಒಟ್ಟಿಗೆ ಎಳೆಯಲು ಯಾರೂ ಇಲ್ಲ. ದಿಕ್ಕನ್ನೂ ತಿರುಗಿಸಿದೆವು. ಮೊದಲು ಹೊಲಿಗೆಗಳು ಹೊಕ್ಕಿನ ದಿಕ್ಕಿಗಿದ್ದವು. ಸಾಮಾನ್ಯವಾಗಿ ಹತ್ತಿ ಬಟ್ಟೆಯಲ್ಲಿ ಹೊಕ್ಕು ಹಾಸಿಗಿಂತ ಹೆಚ್ಚು ಬಗ್ಗುತ್ತದೆ, ಹಾಗಾಗಿ ಹೊಸ ಹೊಲಿಗೆಗಳು ಮಾವಿನಕಾಯಿಯ ಎತ್ತರಕ್ಕೆ, ಹಾಸಿನ ದಿಕ್ಕಿಗೆ ಬಂದವು.

ಕಾಂಡಕ್ಕೆ ಬ್ಯಾಕ್ ಸ್ಟಿಚ್ ಬದಲು ಕಾಂಡದ ಹೊಲಿಗೆ, ಸ್ಟೆಮ್ ಎನ್ನುವುದು. ಇದರಲ್ಲಿ ಪ್ರತಿ ಹೊಲಿಗೆ ಹಿಂದಿನದರ ಪಕ್ಕದಲ್ಲಿ ಅರ್ಧ ಹಿಂದಿನಿಂದ ಓರೆಯಾಗಿ ಏಳುವುದರಿಂದ ಗೆರೆಗೆ ಹಗ್ಗದ ಹುರಿಯಂತೆ ಸ್ವಲ್ಪ ಬಳುಕು ಉಳಿಯುತ್ತದೆ. ನಾಲ್ಕು ಮಿಲಿಮೀಟರಿನ ಹೊಲಿಗೆ, ಬಾಗಿನಲ್ಲಿ ಮೂರು. ಬಾಗಿನ ಒಳಬದಿಗೆ ಉದ್ದ ಹೊಲಿಗೆ ಹಾಕಿದರೆ ಅದು ಬಾಗನ್ನು ನೇರ ಮಾಡಲು ಹೋಗಿ ಬಟ್ಟೆಯನ್ನು ಎತ್ತುತ್ತದೆ. ಸರಪಳಿ ಹೊಲಿಗೆಯೂ ಚೆನ್ನಾಗಿ ಒಗ್ಗುತ್ತದೆ, ಪ್ರತಿ ಕೊಂಡಿ ದುಂಡಗೆ ಕಾಣುವಷ್ಟು ಸಡಿಲವಿದ್ದರೆ.

ಧಾರವಾಡದ ಕಡೆಯ ಕಸೂತಿ ಮಾಡುವವರಿಗೆ ಇದೇ ಪಾಠ ಬೇರೆ ರೂಪದಲ್ಲಿ ಗೊತ್ತು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ರನ್ನಿಂಗ್ ಹೊಲಿಗೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುವುದು. ಹೋಗುವ ಸುತ್ತಿನಲ್ಲೇ ದಾರ ಬಿಗಿದರೆ ಬರುವ ಸುತ್ತು ಆ ನೆರಿಗೆಯನ್ನು ಅಲ್ಲೇ ಬಂಧಿಸುತ್ತದೆ. ಆದ್ದರಿಂದ ತಿರುಗುವ ಮೊದಲು ಹೋದ ಸಾಲನ್ನು ಒಮ್ಮೆ ಉಗುರಿನಿಂದ ಸವರಿ ಬಟ್ಟೆಯನ್ನು ಹರಡಿಕೊಳ್ಳಿ.

ಬಟ್ಟೆ ಮಲ್‌ಮಲ್ ಅಥವಾ ವಾಯಿಲ್‌ನಷ್ಟು ತೆಳುವಾಗಿದ್ದರೆ ಹೊಲಿಗೆ ಯಾವುದೇ ಇರಲಿ, ಹಿಂಬದಿಗೆ ಇನ್ನೊಂದು ಪದರ ಮಲ್‌ಮಲ್ ಇಟ್ಟು ಎರಡನ್ನೂ ಒಟ್ಟಿಗೆ ರಿಂಗ್‌ಗೆ ಹಾಕಿ. ಎರಡರ ಹಾಸೂ ಒಂದೇ ದಿಕ್ಕಿಗಿರಲಿ, ಎರಡನ್ನೂ ಮೊದಲೇ ತೊಳೆದು ಒಣಗಿಸಿರಿ. ಒಂದನ್ನು ಮಾತ್ರ ತೊಳೆದರೆ ಮೊದಲ ಒಗೆತದಲ್ಲಿ ತೊಳೆಯದ ಪದರ ಕುಗ್ಗಿ ಇನ್ನೊಂದನ್ನು ಮುದುಡಿಸುತ್ತದೆ.

ಮುಗಿದ ಮೇಲೆ ದಪ್ಪ ಟವೆಲ್ ಹಾಸಿ ಕಸೂತಿಯನ್ನು ಕೆಳಮುಖ ಮಾಡಿ, ಹಿಂಬದಿಯಿಂದ ತೇವದ ಬಟ್ಟೆಯ ಮೇಲೆ ಇಸ್ತ್ರಿಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಮಾಡಿ. ಉಜ್ಜಿದರೆ ಇಸ್ತ್ರಿಯ ಮೂತಿ ಬಟ್ಟೆಯನ್ನು ಓರೆಗೆ ತಳ್ಳುತ್ತದೆ. ತಣ್ಣಗಾಗುವವರೆಗೆ ಬಟ್ಟೆಯನ್ನು ಎತ್ತಬೇಡಿ. ಆಮೇಲೆ ಅದೇ ಕಿಟಕಿಯ ಬಳಿ, ಅದೇ ಬದಿಯ ಬೆಳಕಿನಲ್ಲಿ ಕೊನೆಯ ಫೋಟೋ ತೆಗೆದು, ಟ್ರೇಸಿಂಗ್ ಕಾಗದವನ್ನು ಮೇಲಿಟ್ಟು ನೋಡಿ. ಆ ಓದುಗರ ಮಾವಿನಕಾಯಿ ಎರಡನೆಯ ಬಾರಿಗೆ ಕಾಗದದ ಗೆರೆಯ ಮೇಲೆಯೇ ಕೂತಿತ್ತು, ಕಾಂಡ ಒಂದು ಮಿಲಿಮೀಟರ್ ಗಿಡ್ಡವಿತ್ತು. ಅಷ್ಟನ್ನು ಬಟ್ಟೆ ತಾನೇ ನುಂಗಿಕೊಳ್ಳುತ್ತದೆ, ನೆರಳು ಬೀಳುವುದಿಲ್ಲ.